ಹತ್ತಲಾಗದ ಮೆಟ್ಟಿಲು, ತೆರೆಯಲಾಗದ ಬಾಗಿಲು

ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಮಾತು ಶುರುಮಾಡೋಣ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಬೇಕೆಂದಿರುವ ಡೂಪ್ಲೆಕ್ಸ್ ಮನೆಯ ಹಾಲ್ ಅದು. ಎರಡು ಮಹಡಿಯ ಎತ್ತರಕ್ಕೂ ತೆರೆದ ಜಾಗ, ಎಡಗೋಡೆಗೆ ಅಂಟಿಕೊಂಡು ನೇರವಾಗಿ ಮೇಲೇರುವ ಮರದ ಮೆಟ್ಟಿಲು, ಮೇಲೆ ಉದ್ದಕ್ಕೂ ಗಾಜಿನ ರೇಲಿಂಗ್, ಮೆಟ್ಟಿಲಿನ ಬುಡದಲ್ಲಿ ಕೆತ್ತನೆಯ ಕದವಿರುವ ದೇವರ ಕೋಣೆ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ನೆಲ. ಬೇಕಾದ್ದನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಒಂದು ನಿಮಿಷದೊಳಗೆ ಇಂಥ ಚಿತ್ರ ಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮನೆಯವರಿಗೆ ಚಿತ್ರ ವಾಟ್ಸಾಪಿನಲ್ಲಿ ಬರುತ್ತದೆ, ಎಲ್ಲರಿಗೂ ಹಿಡಿಸುತ್ತದೆ, ‘ನಮಗೆ ಹೀಗೇ ಬೇಕು’ ಎಂದು ತೀರ್ಮಾನವೂ ಆಗುತ್ತದೆ. ಆಮೇಲೆ ಮೇಸ್ತ್ರಿ ಅದನ್ನು ನೋಡಿ ಕೇಳುತ್ತಾನೆ: “ಸಾರ್, ಈ ಮೆಟ್ಟಿಲು ಹತ್ತಿ ಹೋದರೆ ಎಲ್ಲಿ ಇಳಿಯೋದು? ಮೇಲೆ ರೇಲಿಂಗ್ ಅಡ್ಡ ಇದೆಯಲ್ಲ?”

ಮೇಸ್ತ್ರಿ ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ಮನೆಯವರೇ ಮೊದಲು ಕೇಳುವಂತಾಗಬೇಕು, ಅದೂ ಪಾಯ ತೆಗೆಯುವ ಮೊದಲು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಚೌಕಳಿ ಹಾಳೆ, ಪೆನ್ಸಿಲ್, ಅಡಿಪಟ್ಟಿ, ಅರ್ಧ ಗಂಟೆಯ ಸಮಾಧಾನ ಇದ್ದರೆ ಸಾಕು. ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇದೇ ಚಿತ್ರವನ್ನು ಹಿಡಿದುಕೊಂಡು ಹೇಳುತ್ತೇನೆ.

ಚಿತ್ರದ ಹಿಂದೆ ಮನೆಯೇ ಇಲ್ಲ

ಹಳೆಯ ಪದ್ಧತಿಯ ತ್ರೀಡಿ ಚಿತ್ರ ಹುಟ್ಟುತ್ತಿದ್ದ ರೀತಿಯೇ ಬೇರೆ. ಸ್ಕೆಚ್‌ಅಪ್‌ನಲ್ಲೋ ತ್ರೀಡಿಎಸ್ ಮ್ಯಾಕ್ಸ್‌ನಲ್ಲೋ ಒಬ್ಬರು ಕುಳಿತು ಗೋಡೆ ಎಬ್ಬಿಸಿ, ಮೆಟ್ಟಿಲು ಕೂರಿಸಿ, ಕಿಟಕಿ ಕೊರೆದು, ಕೊನೆಗೆ ಆ ಮಾದರಿಯೊಳಗೆ ಕ್ಯಾಮೆರಾ ಇಟ್ಟು ಫೋಟೊ ತೆಗೆದಂತೆ ಚಿತ್ರ ತೆಗೆಯುತ್ತಿದ್ದರು. ಅಲ್ಲಿ ತಪ್ಪು ಆಗುತ್ತಿರಲಿಲ್ಲ ಎಂದಲ್ಲ. ಆದರೆ ಪ್ರತಿ ಮೆಟ್ಟಿಲಿಗೂ ಒಂದು ಅಳತೆ ಇರುತ್ತಿತ್ತು. ಕ್ಯಾಮೆರಾವನ್ನು ಎದುರು ಮೂಲೆಗೆ ಕೊಂಡೊಯ್ದರೆ ಅದೇ ಮೆಟ್ಟಿಲು ಇನ್ನೊಂದು ಕೋನದಿಂದ ಕಾಣುತ್ತಿತ್ತು.

ಕೃತಕ ಬುದ್ಧಿಮತ್ತೆಯ ಚಿತ್ರಕ್ಕೆ ಅಂಥ ಮಾದರಿ ಇಲ್ಲ. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳ ಜೊತೆಗಿನ ವಿವರಣೆಗಳನ್ನೂ ನೋಡಿ ಕಲಿತಂಥವು. ಬರೀ ಚುಕ್ಕಿಗಳ ಗೊಂದಲದಿಂದ ಶುರುಮಾಡಿ, ಹಂತಹಂತವಾಗಿ ಆ ಗೊಂದಲವನ್ನು ಕಳೆಯುತ್ತ, ಕೇಳಿದ ವಿವರಣೆಗೆ ಹೊಂದುವ ಚಿತ್ರದ ಕಡೆಗೆ ಸಾಗುತ್ತವೆ. ಮೆಟ್ಟಿಲಿನ ಪಕ್ಕದಲ್ಲಿ ಸಾಮಾನ್ಯವಾಗಿ ಏನು ಕಾಣುತ್ತದೆ, ಗಾಜಿನ ಅಂಚು ಹೇಗೆ ಹೊಳೆಯುತ್ತದೆ ಎಂಬುದು ಅವುಗಳಿಗೆ ಚೆನ್ನಾಗಿ ಗೊತ್ತು. ಆ ಮೆಟ್ಟಿಲು ಎಷ್ಟು ಅಡಿ ಏರಬೇಕು, ಏರಿದವರು ಎಲ್ಲಿ ಕಾಲಿಡಬೇಕು ಎಂಬ ಲೆಕ್ಕವನ್ನು ಅವು ಎಲ್ಲೂ ಮಾಡಿರುವುದಿಲ್ಲ. ಆದ್ದರಿಂದ ಅಂಗೈಯಗಲದ ಯಾವ ಭಾಗವನ್ನು ನೋಡಿದರೂ ಚಿತ್ರ ಸರಿಯಾಗಿರುತ್ತದೆ, ಭಾಗಗಳನ್ನು ಒಂದಕ್ಕೊಂದು ಜೋಡಿಸಿದಾಗ ಮಾತ್ರ ತಪ್ಪುತ್ತದೆ.

ಬ್ರಿಟನ್ನಿನ ಲಯನೆಲ್ ಪೆನ್‌ರೋಸ್ ಮತ್ತು ಅವರ ಮಗ ರೋಜರ್ 1958ರಲ್ಲಿ ಪ್ರಕಟಿಸಿದ ಅಸಾಧ್ಯ ಮೆಟ್ಟಿಲು ಇದೇ ತತ್ತ್ವದ್ದು. ನಾಲ್ಕು ಸಾಲು ಮೆಟ್ಟಿಲು ಚೌಕಾಕಾರದಲ್ಲಿ ಸುತ್ತುತ್ತವೆ, ಪ್ರತಿ ಸಾಲೂ ಮೇಲಕ್ಕೇ ಹೋಗುತ್ತದೆ, ಆದರೂ ಹತ್ತಿದವರು ಹೊರಟಲ್ಲಿಗೇ ಬರುತ್ತಾರೆ. ಒಂದೊಂದು ಮೂಲೆಯನ್ನೂ ಬೇರೆಬೇರೆಯಾಗಿ ನೋಡಿದರೆ ತಪ್ಪು ಹಿಡಿಯಲಾಗದು. ಅವರು ಬೇಕೆಂದೇ ಹಾಗೆ ಬರೆದರು. ತಂತ್ರಾಂಶದಿಂದ ಅದು ತಾನಾಗಿ ಆಗುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಕಲಿ ಚಿತ್ರಗಳನ್ನು ಪತ್ತೆಹಚ್ಚುವ ಕೆಲಸಕ್ಕೆ ಹೆಸರಾದ ಹ್ಯಾನಿ ಫರೀದ್ 2022ರಲ್ಲಿ ಇಂಥ ಚಿತ್ರಗಳ ಜ್ಯಾಮಿತಿಯನ್ನು ಅಳೆದು ನೋಡಿದರು. ನೋಟಕ್ಕೆ ಸಹಜವಾಗಿದ್ದ ಚಿತ್ರಗಳಲ್ಲೂ ನೆರಳು, ಪ್ರತಿಬಿಂಬಗಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅಲ್ಲಿಂದೀಚೆಗೆ ತಂತ್ರಾಂಶಗಳು ಬಹಳ ಸುಧಾರಿಸಿವೆ. ಮೊದಲೆಲ್ಲ ಕಣ್ಣಿಗೆ ಹೊಡೆಯುತ್ತಿದ್ದ ತಪ್ಪುಗಳು ಈಗ ಅಳೆದರೆ ಮಾತ್ರ ಸಿಗುತ್ತವೆ, ಅದಕ್ಕೇ ಅಳತೆ ಹಿಡಿಯಬೇಕು ಎನ್ನುವುದು.

ಪರಿಶೀಲನೆಯ ಒಟ್ಟು ದಾರಿ ಇದರಿಂದಲೇ ಸಿಗುತ್ತದೆ. ಸಾಮಾನ್ಯವಾಗಿ ನಕ್ಷೆಯಿಂದ ಚಿತ್ರ ಹುಟ್ಟುತ್ತದೆ. ಇಲ್ಲಿ ನಾವು ಹಿಂದಕ್ಕೆ ನಡೆದು, ಚಿತ್ರದಿಂದ ನಕ್ಷೆ ಬರೆಯಬೇಕು. ಚೌಕಳಿ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿ ಎಂದಿಟ್ಟುಕೊಂಡು, ಚಿತ್ರದಲ್ಲಿ ಕಾಣುವ ಗೋಡೆ, ಬಾಗಿಲು, ಮೆಟ್ಟಿಲನ್ನು ಮೇಲಿನಿಂದ ನೋಡಿದಂತೆ ಬರೆಯುತ್ತ ಹೋಗಿ. ಎಲ್ಲಿ ಗೆರೆ ಎಳೆಯಲು ಆಗುವುದಿಲ್ಲವೋ ಅಲ್ಲಿ ಕೈ ತಾನಾಗಿ ನಿಲ್ಲುತ್ತದೆ. ಅಲ್ಲೇ ಒಂದು ಕೆಂಪು ಗುರುತು ಹಾಕಿ.

ಅದಕ್ಕೆ ಮೊದಲು ಇನ್ನೊಂದು ಸಣ್ಣ ಕೆಲಸ ಮಾಡಿದರೆ ಒಳ್ಳೆಯದು. ಮೊಬೈಲಿನಲ್ಲೇ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಎಡಬಲ ತಿರುಗಿಸಿ. ಬಣ್ಣ ಮತ್ತು ಬೆಳಕು ಹೋದಮೇಲೆ ಉಳಿಯುವುದು ಆಕಾರ ಮಾತ್ರ, ತಿರುಗಿಸಿದಾಗ ಅದೂ ಹೊಸದಾಗಿ ಕಾಣುತ್ತದೆ. ಚಿತ್ರಕಲಾವಿದರು ತಮ್ಮ ಕೆಲಸವನ್ನು ಕನ್ನಡಿಯಲ್ಲಿ ನೋಡಿ ತಪ್ಪು ಹುಡುಕುವುದು ಇದೇ ಕಾರಣಕ್ಕೆ.

ಮೆಟ್ಟಿಲಿನಿಂದ ಶುರುಮಾಡಿ

ಮೊದಲು ನೋಡಬೇಕಾದ್ದು ಮೆಟ್ಟಿಲನ್ನೇ. ಮನೆಯಲ್ಲಿ ಮಿಕ್ಕೆಲ್ಲದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ, ಮೆಟ್ಟಿಲಿಗೆ ನಡೆಯುವುದಿಲ್ಲ. ಅದು ಮನುಷ್ಯನ ಕಾಲಿನ ಅಳತೆಗೆ ಬದ್ಧವಾದದ್ದು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ, ಅಂದರೆ ರೈಸರ್, 190 ಮಿಲಿಮೀಟರ್ ಮೀರಬಾರದು; ಕಾಲಿಡುವ ಅಗಲ, ಅಂದರೆ ಟ್ರೆಡ್, 250 ಮಿಲಿಮೀಟರಿಗೆ ಕಡಿಮೆ ಇರಬಾರದು. ನಮ್ಮ ಲೆಕ್ಕದಲ್ಲಿ ಏಳೂವರೆ ಇಂಚು ಮತ್ತು ಹತ್ತು ಇಂಚು. ಮೇಸ್ತ್ರಿಗಳು ಸಾಮಾನ್ಯವಾಗಿ ಆರರಿಂದ ಏಳು ಇಂಚು ಎತ್ತರ, ಹತ್ತರಿಂದ ಹನ್ನೊಂದು ಇಂಚು ಅಗಲ ಇಡುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಇದಕ್ಕೊಂದು ಸೂತ್ರ ಕೊಟ್ಟರು, ಅದು ಇವತ್ತಿಗೂ ಬಳಕೆಯಲ್ಲಿದೆ: ಎರಡು ಎತ್ತರಕ್ಕೆ ಒಂದು ಅಗಲ ಕೂಡಿಸಿದರೆ ಹೆಚ್ಚುಕಡಿಮೆ 24 ಇಂಚು, ಅಂದರೆ ಒಂದು ಹೆಜ್ಜೆಯ ಉದ್ದ, ಬರಬೇಕು. ಏಳು, ಏಳು, ಹತ್ತು, ಕೂಡಿದರೆ ಇಪ್ಪತ್ತನಾಲ್ಕು. ಇದಕ್ಕಿಂತ ಬಹಳ ದೂರ ಹೋದ ಮೆಟ್ಟಿಲು ಹತ್ತುವವರ ಮೊಣಕಾಲಿಗೆ ಗೊತ್ತಾಗುತ್ತದೆ, ಇಳಿಯುವವರಿಗೆ ಇನ್ನೂ ಹೆಚ್ಚು.

ಈಗ ನಮ್ಮ ಚಿತ್ರಕ್ಕೆ ಬರೋಣ. ಚಿತ್ರದಲ್ಲಿ ಅಡಿಪಟ್ಟಿ ಇಲ್ಲ, ಆದರೆ ಅಳತೆ ಗೊತ್ತಿರುವ ವಸ್ತುಗಳಿವೆ. ಬಾಗಿಲು ಸಾಧಾರಣವಾಗಿ ಏಳಡಿ ಎತ್ತರ. ಹಾಲಿನ ಹಿಂಗೋಡೆಯಲ್ಲಿ ಒಂದು ಬಾಗಿಲಿದೆ, ಅದೇ ಗೋಡೆಯಲ್ಲಿ ಮೇಲ್ಮಹಡಿಯ ನೆಲದ ಗೆರೆಯೂ ಕಾಣುತ್ತದೆ. ಪ್ರಿಂಟ್ ತೆಗೆದು ಅಳೆದಾಗ ಬಾಗಿಲು 8 ಸೆಂಟಿಮೀಟರ್, ಕೆಳನೆಲದಿಂದ ಮೇಲ್ನೆಲಕ್ಕೆ 12 ಸೆಂಟಿಮೀಟರ್ ಬಂತು ಎಂದುಕೊಳ್ಳೋಣ. ಏಳಡಿಯ ಒಂದೂವರೆ ಪಟ್ಟು ಎಂದರೆ ಹತ್ತೂವರೆ ಅಡಿ, ಅಂದರೆ 126 ಇಂಚು. ಇಲ್ಲೊಂದು ಎಚ್ಚರಿಕೆ ಬೇಕು. ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದರಿಂದ, ಹೋಲಿಸುವ ಎರಡೂ ಅಳತೆಗಳು ಒಂದೇ ಗೋಡೆಯ ಮೇಲಿರಬೇಕು. ಮುಂದಿನ ಸೋಫಾವನ್ನು ಹಿಂದಿನ ಬಾಗಿಲಿನ ಜೊತೆ ಅಳೆದರೆ ಲೆಕ್ಕ ಕೆಡುತ್ತದೆ.

ಇನ್ನು ಮೆಟ್ಟಿಲು ಎಣಿಸಿ. ಬೆರಳಿಟ್ಟು, ಒಂದೊಂದಾಗಿ. ಚಿತ್ರದಲ್ಲಿ ಸಿಗುವುದು 13 ಏರುಗಳು. 126 ಇಂಚನ್ನು ಹದಿಮೂರರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲೂ ಹತ್ತಿರಹತ್ತಿರ 9.7 ಇಂಚು ಎತ್ತರ. ಮೆಟ್ಟಿಲು ಹರಡಿಕೊಂಡ ಉದ್ದವನ್ನು ನೆಲದ ಟೈಲ್ಸಿನಿಂದ ತಿಳಿಯಬಹುದು. ಎರಡಡಿಯ ಐದು ಟೈಲ್ಸ್ ದಾಟುತ್ತದೆ, ಅಂದರೆ ಹತ್ತಡಿ. ಕೊನೆಯ ಹೆಜ್ಜೆ ಮೇಲ್ಮಹಡಿಯ ನೆಲದ ಮೇಲೇ ಬೀಳುವುದರಿಂದ ಹದಿಮೂರು ಏರಿಗೆ ಹನ್ನೆರಡೇ ಟ್ರೆಡ್. ಹತ್ತಡಿಯಲ್ಲಿ ಹನ್ನೆರಡು ಎಂದರೆ ಒಂದಕ್ಕೆ ಸರಿಯಾಗಿ ಹತ್ತಿಂಚು. ಅಗಲ ಸರಿಯಿದೆ, ಎತ್ತರ ಕೆಟ್ಟಿದೆ. ಬ್ಲಾಂಡೆಲ್ ಸೂತ್ರಕ್ಕೆ ಹಾಕಿದರೆ 29 ಇಂಚು ದಾಟುತ್ತದೆ. ಸರಿಯಾದ ಮೆಟ್ಟಿಲು ಸುಮಾರು 35 ಡಿಗ್ರಿ ಓರೆಯಲ್ಲಿ ಏರುತ್ತದೆ, ಇದು 44 ಡಿಗ್ರಿಯಲ್ಲಿ ಏರುತ್ತಿದೆ. ಅಟ್ಟಕ್ಕೆ ಹತ್ತಲು ಇದು ಸಾಕು, ಮಗುವನ್ನೆತ್ತಿಕೊಂಡು ದಿನವೂ ಇಳಿಯಲು ಸಾಲದು.

ಸರಿಪಡಿಸಿದರೆ ಏನಾಗುತ್ತದೆ? ಏಳಿಂಚಿನ ಎತ್ತರ ಇಟ್ಟರೆ 18 ಏರುಗಳು ಬೇಕು, ಹದಿನೇಳು ಟ್ರೆಡ್ ಬೇಕು. ನೇರ ಮೆಟ್ಟಿಲಾದರೆ 170 ಇಂಚು, ಅಂದರೆ 14 ಅಡಿ 2 ಇಂಚು. ಅದರ ಮೇಲೆ ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಏರಿಸುವುದು ಸರಿಯಲ್ಲ. ಹನ್ನೆರಡು-ಹದಿನೈದರೊಳಗೆ ಒಂದು ಲ್ಯಾಂಡಿಂಗ್ ಕೊಡುವುದು ರೂಢಿ. ಜಾರಿದವರು ಅರ್ಧದಲ್ಲಾದರೂ ನಿಲ್ಲಬೇಕು, ವಯಸ್ಸಾದವರು ನಡುವೆ ನಿಂತು ಸುಧಾರಿಸಿಕೊಳ್ಳಬೇಕು, ಮಂಚ ಹೊತ್ತವರು ಕೈ ಬದಲಿಸಬೇಕು. ಮೂರಡಿಯ ಲ್ಯಾಂಡಿಂಗನ್ನು ಮಧ್ಯೆ ಇಟ್ಟರೆ ನೇರ ಮೆಟ್ಟಿಲು 16 ಅಡಿ 4 ಇಂಚಿಗೆ ಬೆಳೆಯುತ್ತದೆ. ಚಿತ್ರದಲ್ಲಿ ಕೊಟ್ಟಿದ್ದು ಹತ್ತಡಿ. ಬಾಕಿ ಆರಡಿ ನಾಲ್ಕಿಂಚು ಬರಬೇಕಾದ್ದು ಆ ಚಂದದ ಕಿಟಕಿ ಮತ್ತು ಸೋಫಾ ಇರುವ ಜಾಗದಿಂದಲೇ. ಚಿತ್ರದಲ್ಲಿ ಹಾಲ್ ಅಷ್ಟು ವಿಶಾಲವಾಗಿ ಕಂಡದ್ದಕ್ಕೆ ಮೆಟ್ಟಿಲಿಗೆ ಸಲ್ಲಬೇಕಾದ ಈ ಆರಡಿಯೂ ಒಂದು ಕಾರಣ.

ಅರ್ಧಕ್ಕೆ ತಿರುಗಿ ಬರುವ ಮೆಟ್ಟಿಲು ಮಾಡಿದರೆ ಉದ್ದ ಉಳಿಯುತ್ತದೆ. ಒಂಬತ್ತೊಂಬತ್ತು ಏರಿನ ಎರಡು ಸಾಲು, ಒಂದೊಂದಕ್ಕೆ ಎಂಟು ಟ್ರೆಡ್, ಅಂದರೆ 6 ಅಡಿ 8 ಇಂಚು, ಅದಕ್ಕೆ ಮೂರಡಿಯ ಲ್ಯಾಂಡಿಂಗ್. ಒಟ್ಟು 9 ಅಡಿ 8 ಇಂಚು. ಹತ್ತಡಿಯೊಳಗೆ ಕೂರುತ್ತದೆ. ಆದರೆ ಅಗಲ ಮೂರಡಿಯ ಬದಲು ಆರೂವರೆ ಅಡಿ ಆಗುತ್ತದೆ. ಯಾವ ದಾರಿ ಹಿಡಿದರೂ ಹಾಲ್ ಚಿತ್ರದಲ್ಲಿದ್ದ ಹಾಗೆ ಇರುವುದಿಲ್ಲ. ಈ ಮಾತು ಹಾಳೆಯ ಮೇಲೆ ಇತ್ಯರ್ಥವಾದರೆ ಖರ್ಚು ಒಂದು ಪೆನ್ಸಿಲ್ಲಿನದು. ಮೋಲ್ಡ್ ಹಾಕುವಾಗ ಗೊತ್ತಾದರೆ, ಮೇಲಿನ ತೆರಪನ್ನು ಒಡೆದು ದೊಡ್ಡದು ಮಾಡಬೇಕಾಗುತ್ತದೆ.

ಎಣಿಕೆ ಮುಗಿದ ಮೇಲೆ ಮೆಟ್ಟಿಲಿನ ಎರಡು ತುದಿಗಳನ್ನು ನೋಡಿ. ಮೇಲಿನ ತುದಿಯಲ್ಲಿ ಕಾಲಿಡಲು ಮೆಟ್ಟಿಲಿನ ಅಗಲದಷ್ಟಾದರೂ ಖಾಲಿ ನೆಲ ಬೇಕು, ರೇಲಿಂಗ್ ಅಲ್ಲಿ ಬಿಟ್ಟುಕೊಂಡಿರಬೇಕು. ನಮ್ಮ ಚಿತ್ರದಲ್ಲಿ ಗಾಜು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಡುವಿಲ್ಲದೆ ಓಡಿದೆ. ಮೇಸ್ತ್ರಿಯ ಪ್ರಶ್ನೆ ಅದರ ಬಗ್ಗೆಯೇ. ಕೆಳತುದಿಯಲ್ಲಿ ಮೊದಲ ಮೆಟ್ಟಿಲಿನ ಮುಂದೆ ಮೂರಡಿ ನಿಲ್ಲುವ ಜಾಗ ಇದೆಯೇ, ಅಥವಾ ಕಂಬವೋ ಕುರ್ಚಿಯೋ ಬಂದು ಕೂತಿದೆಯೇ ನೋಡಿ.

ಇನ್ನು ತಲೆ. ಮೆಟ್ಟಿಲಿನ ಕೆಳಗೆ ಟಾಯ್ಲೆಟ್ಟೋ ಸ್ಟೋರೋ ಇಡುವುದು ನಮ್ಮಲ್ಲಿ ಸಾಮಾನ್ಯ, ಚಿತ್ರ ಬರೆಯುವ ತಂತ್ರಾಂಶವೂ ಅಲ್ಲೊಂದು ಬಾಗಿಲು ಇಡುತ್ತದೆ. ಹತ್ತೂವರೆ ಅಡಿಯ ಮಹಡಿಗೆ ನಡುವಿನ ಲ್ಯಾಂಡಿಂಗ್ ಬರುವುದು 5 ಅಡಿ 3 ಇಂಚಿನಲ್ಲಿ. ಐದಿಂಚಿನ ಕಾಂಕ್ರೀಟ್ ಕಳೆದರೆ ಕೆಳಗೆ ಉಳಿಯುವುದು 4 ಅಡಿ 10 ಇಂಚು. ಅಲ್ಲಿ ಏಳಡಿಯ ಬಾಗಿಲು ನಿಲ್ಲುವುದಿಲ್ಲ. ಟಾಯ್ಲೆಟ್ ಬೇಕೇಬೇಕೆಂದರೆ ನೆಲವನ್ನು ತಗ್ಗಿಸಬೇಕು, ಇಲ್ಲವೇ ಎರಡನೆಯ ಸಾಲಿನ ಎತ್ತರದ ಭಾಗದ ಕೆಳಗೆ ಸರಿಸಬೇಕು. ಚಿತ್ರದಲ್ಲಿ ಲ್ಯಾಂಡಿಂಗಿನ ಅಡಿಯಲ್ಲಿ ಪೂರ್ಣ ಬಾಗಿಲು ಕಂಡರೆ ಎರಡರಲ್ಲಿ ಒಂದು ಸುಳ್ಳು.

ಕದಕ್ಕೆ ತಿರುಗಲು ಜಾಗ

ಬಾಗಿಲಿನ ವಿಷಯದಲ್ಲಿ ಚಿತ್ರ ಮೋಸಮಾಡುವುದು ಸುಲಭ, ಏಕೆಂದರೆ ಚಿತ್ರದಲ್ಲಿ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ. ತೆರೆಯುವವರು ನಾವು.

ಕದ ಯಾವ ಕಡೆಗೆ ತೆರೆಯುತ್ತದೆಂದು ತಿಳಿಯಲು ಹಿಂಜ್ ನೋಡಿ. ಸಾಮಾನ್ಯ ಬಾಗಿಲಿನ ಹಿಂಜಿನ ಗುಂಡು ಭಾಗ ಕಾಣುವುದು ಕದ ಯಾವ ಕಡೆಗೆ ತೆರೆಯುತ್ತದೋ ಆ ಕಡೆಯಿಂದ ಮಾತ್ರ. ನಿಮಗೆ ಹಿಂಜ್ ಕಾಣುತ್ತಿದ್ದರೆ ಕದ ನಿಮ್ಮತ್ತ ಬರುತ್ತದೆ. ಕಾಣದಿದ್ದರೆ ಆಚೆಗೆ ಹೋಗುತ್ತದೆ. ಹಿಡಿ ಹಿಂಜಿನ ಎದುರು ಅಂಚಿನಲ್ಲಿರಬೇಕು. ಎರಡೂ ಒಂದೇ ಅಂಚಿನಲ್ಲಿದ್ದರೆ, ಅಥವಾ ಒಂಟಿ ಕದಕ್ಕೆ ಎರಡು ಕಡೆಯೂ ಹಿಡಿ ಇದ್ದರೆ, ಅದು ಬಾಗಿಲಿನ ಚಿತ್ರವೇ ಹೊರತು ಬಾಗಿಲಲ್ಲ. ಚೌಕಟ್ಟು ಮೂರೂ ಕಡೆ ಇದೆಯೇ, ಗೋಡೆಗೂ ಚೌಕಟ್ಟಿಗೂ ನಡುವೆ ಗೆರೆ ಇದೆಯೇ ಎಂದೂ ನೋಡಿ. ಕೆತ್ತನೆ ಹೆಚ್ಚಿದ್ದ ಕಡೆ ಚೌಕಟ್ಟು ಗೋಡೆಯೊಳಗೆ ಕರಗಿಹೋಗುವುದು ಈ ಚಿತ್ರಗಳ ಸಾಮಾನ್ಯ ಲಕ್ಷಣ.

ಆಮೇಲೆ ಚೌಕಳಿ ಹಾಳೆಯಲ್ಲಿ ಆ ಬಾಗಿಲನ್ನು ಬರೆದು, ಹಿಂಜಿನ ಬಿಂದುವಿನಲ್ಲಿ ಕೈವಾರ ಊರಿ, ಕದದ ಅಗಲಕ್ಕೆ ಕಾಲು ವೃತ್ತ ಎಳೆಯಿರಿ. ಮಲಗುವ ಕೋಣೆಗೆ ಮೂರಡಿ, ಬಚ್ಚಲಿಗೆ ಎರಡೂವರೆ ಅಡಿ ಸಾಮಾನ್ಯ ಅಗಲ. ಆ ಕಾಲು ವೃತ್ತದೊಳಗೆ ಗೋಡೆ, ಮೆಟ್ಟಿಲು, ಮಂಚ, ಇನ್ನೊಂದು ಕದ, ಯಾವುದೂ ಬರಕೂಡದು. ನಮ್ಮ ಚಿತ್ರದ ದೇವರ ಕೋಣೆಯ ಕದ ಎರಡು ರೆಕ್ಕೆಯದು, ಹೊರಗೆ ತೆರೆಯುವಂಥದ್ದು, ಒಂದೊಂದು ರೆಕ್ಕೆ ಒಂದೂಕಾಲು ಅಡಿ. ಚೌಕಟ್ಟಿನಿಂದ ಮೊದಲ ಮೆಟ್ಟಿಲಿಗೆ ಆರಿಂಚೂ ಇಲ್ಲ. ಎಡ ರೆಕ್ಕೆ ತೆರೆಯುವ ಮೊದಲೇ ಮೆಟ್ಟಿಲಿಗೆ ಬಡಿಯುತ್ತದೆ. ಕದವನ್ನು ಒಳಕ್ಕೆ ತೆರೆಸಬಹುದು. ಹಾಗೆ ಮಾಡಿದರೆ ಮೂರಡಿ ಆಳದ ದೇವರ ಕೋಣೆಯಲ್ಲಿ ಕದದ ರೆಕ್ಕೆಗಳಿಗೇ ಜಾಗ ಹೋಗುತ್ತದೆ, ಕೂರುವವರು ಹೊರಗೆ ಕೂರಬೇಕಾಗುತ್ತದೆ. ಬಾಗಿಲನ್ನೇ ಎರಡಡಿ ಬಲಕ್ಕೆ ಸರಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಮೂಲೆಯಲ್ಲಿರುವ ಬಾಗಿಲಿಗೆ ಇನ್ನೊಂದು ಅಳತೆ. ಕದ ಪೂರ್ತಿ ತೆರೆದಾಗ ಹಿಡಿ ಪಕ್ಕದ ಗೋಡೆಗೆ ತಗಲುತ್ತದೆ. ಅದಕ್ಕೆಂದು ಗೋಡೆಯಿಂದ ನಾಲ್ಕಿಂಚಾದರೂ ಬಿಟ್ಟು ಚೌಕಟ್ಟು ನಿಲ್ಲಿಸುತ್ತಾರೆ. ಚಿತ್ರದಲ್ಲಿ ಚೌಕಟ್ಟು ಮೂಲೆಗೇ ಅಂಟಿದ್ದರೆ ಕದ ಅರ್ಧಕ್ಕೆ ನಿಲ್ಲುತ್ತದೆ. ಸರಿಯುವ ಬಾಗಿಲಾದರೆ ಕದ ಸರಿದು ನಿಲ್ಲಲು ಅದರಷ್ಟೇ ಅಗಲದ ಖಾಲಿ ಗೋಡೆಯೋ, ಇನ್ನೊಂದು ಕದದ ಹಿಂಬದಿಯೋ ಪಕ್ಕದಲ್ಲಿರಬೇಕು. ವಾರ್ಡ್‌ರೋಬಿಗೂ ಇದೇ ನಿಯಮ. ಹತ್ತಡಿ ಕೋಣೆಯಲ್ಲಿ ಆರೂವರೆ ಅಡಿಯ ಮಂಚ, ಅದರ ಕಾಲ ಬುಡಕ್ಕೆ ಎರಡಡಿಯ ವಾರ್ಡ್‌ರೋಬ್ ಇಟ್ಟರೆ ನಡುವೆ ಉಳಿಯುವುದು ಒಂದೂವರೆ ಅಡಿ. ಒಂದೂವರೆ ಅಡಿಯ ಕದ ಅಲ್ಲಿ ಕಷ್ಟದಿಂದ ತೆರೆದುಕೊಳ್ಳಬಹುದು, ತೆರೆದವರಿಗೆ ನಿಲ್ಲಲು ಜಾಗವಿರುವುದಿಲ್ಲ.

ಅಪಾಯದ ಬಾಗಿಲುಗಳು ಎರಡು ಬಗೆಯವು. ಒಂದು, ಮೆಟ್ಟಿಲಿನ ಮೇಲೇ ತೆರೆದುಕೊಳ್ಳುವಂಥದ್ದು. ಹೊರದಾರಿಯ ಬಾಗಿಲು ನೇರವಾಗಿ ಮೆಟ್ಟಿಲ ಸಾಲಿನ ಮೇಲೆ ತೆರೆಯಬಾರದು, ನಡುವೆ ಬಾಗಿಲಿನ ಅಗಲದಷ್ಟಾದರೂ ಲ್ಯಾಂಡಿಂಗ್ ಇರಬೇಕು ಎಂದು ಕಟ್ಟಡ ಸಂಹಿತೆ ಹೇಳುತ್ತದೆ. ಮನೆಯೊಳಗಿನ ಬಾಗಿಲಿಗೂ ಅದನ್ನೇ ಪಾಲಿಸುವುದು ಕ್ಷೇಮ. ಇನ್ನೊಂದು, ಎರಡು ಮಹಡಿ ತೆರೆದ ಹಾಲಿನಲ್ಲಿ ಮೇಲ್ಗೋಡೆಯ ಮೇಲೆ ಕಾಣುವ ಬಾಗಿಲು. ಅದರ ಮುಂದೆ ನಡೆಯುವ ನೆಲವಿದೆಯೇ ಎಂದು ನೋಡಿ. ಬಾಗಿಲು ಇದ್ದು ನೆಲ ಇಲ್ಲದ ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಂಬ, ಕಿಟಕಿ, ಬಿಸಿಲು

ಇವುಗಳನ್ನು ಬೇಗ ನೋಡಿ ಮುಗಿಸಬಹುದು. ಮೇಲ್ಮಹಡಿಯ ಪ್ರತಿ ಪಿಲ್ಲರಿನ ಮೇಲೂ ಬೆರಳಿಟ್ಟು ನೆಲದವರೆಗೆ ಇಳಿಸಿ. ನಡುವೆ ಕಿಟಕಿಯೋ ಗಾಜೋ ಅಡ್ಡ ಬಂದರೆ ಭಾರ ಎಲ್ಲಿ ಇಳಿಯುತ್ತದೆಂದು ಎಂಜಿನಿಯರನ್ನು ಕೇಳಬೇಕು. ಮೂರು-ನಾಲ್ಕಡಿ ಹೊರಚಾಚಿದ ಬಾಲ್ಕನಿ ಮಾಮೂಲು. ಹತ್ತಡಿ ಚಾಚಿ, ಕೆಳಗೆ ಬೀಮ್ ಕಾಣದೆ, ಅಂಚು ನಾಲ್ಕೇ ಇಂಚಿದ್ದರೆ ಅದು ಚಿತ್ರದಲ್ಲಿ ಮಾತ್ರ ನಿಲ್ಲುತ್ತದೆ. ಎಲಿವೇಷನ್ ಚಿತ್ರವೂ ಒಳಾಂಗಣದ ಚಿತ್ರವೂ ಎರಡೂ ಇದ್ದರೆ ಹೊರಗಿನ ಕಿಟಕಿಗಳನ್ನು ಒಳಗಿನ ಕಿಟಕಿಗಳ ಜೊತೆ ತಾಳೆ ನೋಡಿ. ಎರಡು ಸಲ ಬೇರೆಬೇರೆಯಾಗಿ ಹುಟ್ಟಿಸಿದ ಚಿತ್ರಗಳು ಒಂದೇ ಮನೆಯವಾಗಿರುವುದು ಅಪರೂಪ.

ನೆರಳು, ಪ್ರತಿಬಿಂಬ ತಪ್ಪಿದ್ದರೆ ಮನೆ ಬೀಳುವುದಿಲ್ಲ, ಹಾಗಾಗಿ ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಒಂದನ್ನು ಮಾತ್ರ ಬಿಡಬೇಡಿ: ಬಿಸಿಲು ಬರುವ ದಿಕ್ಕು. ನಮ್ಮ ಚಿತ್ರದ ದೊಡ್ಡ ಕಿಟಕಿ ಸೈಟಿನ ಪ್ರಕಾರ ಉತ್ತರಕ್ಕಿದ್ದು, ಅದರಿಂದ ಬಿಸಿಲು ಹಾಲಿನ ನಡುವಿನವರೆಗೆ ಚಾಚಿದ್ದರೆ, ಅಂಥ ಬಿಸಿಲು ಬೆಂಗಳೂರಿನಲ್ಲಿ ಬೀಳುವುದಿಲ್ಲ. ವರ್ಷದ ಹೆಚ್ಚು ಕಾಲ ಸೂರ್ಯ ಇಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ ವಾಲಿದರೂ ಮಧ್ಯಾಹ್ನ ನೆತ್ತಿಯ ಹತ್ತಿರವೇ ಇರುತ್ತಾನೆ. ಆ ಹಾಲಿಗೆ ಸಿಗುವುದು ತಂಪಾದ, ಸಮನಾದ ಬೆಳಕು. ಅದೂ ಒಳ್ಳೆಯದೇ, ಆದರೆ ಚಿತ್ರ ನೋಡಿ ಬಿಸಿಲು ಬಯಸಿದವರಿಗೆ ಸಿಗುವುದು ಅದಲ್ಲ.

ಎಲ್ಲ ಅನುಮಾನವೂ ತಪ್ಪಲ್ಲ

ಪರಿಶೀಲಿಸಲು ಕುಳಿತವರು ಸರಿಯಿದ್ದದ್ದನ್ನೂ ತಳ್ಳಿಹಾಕುವ ಸಂಭವವಿದೆ. ಗೋಡೆಯಿಂದ ಚಾಚಿ ಗಾಳಿಯಲ್ಲಿ ತೇಲಿದಂತೆ ಕಾಣುವ ಮೆಟ್ಟಿಲು ನಿಜಕ್ಕೂ ಕಟ್ಟಬಹುದಾದದ್ದು. ಒಂದೊಂದು ಹಲಗೆಯನ್ನೂ ಕಾಂಕ್ರೀಟ್ ಗೋಡೆಯೊಳಗೆ ಬಿಗಿದೋ, ಗೋಡೆಯಲ್ಲಿ ಅಡಗಿಸಿದ ಉಕ್ಕಿನ ತೊಲೆಗೆ ಬೆಸುಗೆ ಹಾಕಿಯೋ ಮಾಡುತ್ತಾರೆ. ಹಾಗಾಗಿ ಹಲಗೆ ತೇಲುತ್ತಿದೆಯೇ ಎಂದು ಕೇಳಿ ಉಪಯೋಗವಿಲ್ಲ, ಅದು ಯಾವುದರೊಳಗೆ ಹೂತಿದೆ ಎಂದು ಕೇಳಿ. ಗೋಡೆ ಗಾಜಿನದೋ ನಾಲ್ಕಿಂಚಿನ ಬ್ಲಾಕಿನದೋ ಆಗಿದ್ದರೆ ಅಷ್ಟಕ್ಕೇ ಬಿಡಬೇಕು. ಲ್ಯಾಂಡಿಂಗ್ ಗೋಡೆಯ ಮರೆಯಲ್ಲಿದ್ದು ಕಾಣದಿರಬಹುದು. ವಿಶಾಲ ಕೋನದ ಕ್ಯಾಮೆರಾದಲ್ಲಿ ತೆಗೆದಂತೆ ಬರೆದ ಚಿತ್ರದಲ್ಲಿ ಅಂಚಿನ ವಸ್ತುಗಳು ಹಿಗ್ಗಿ ಕಾಣುತ್ತವೆ, ಅಲ್ಲಿ ಮಾಡಿದ ಅಳತೆ ನಂಬುವಂಥದ್ದಲ್ಲ. ಆದ್ದರಿಂದ ಕೆಂಪು ಗುರುತು ಹಾಕಿದ ಪ್ರತಿ ಕಡೆಗೂ ಮೂರು ಉತ್ತರಗಳಲ್ಲಿ ಒಂದನ್ನು ಬರೆಯಿರಿ: ಆಗುವುದಿಲ್ಲ, ಮರೆಯಲ್ಲಿದೆ, ಎಂಜಿನಿಯರ್ ಹೇಳಬೇಕು. ನಮ್ಮ ಚಿತ್ರದ ರೇಲಿಂಗ್ ಮತ್ತು ದೇವರ ಕೋಣೆಯ ಕದ ಮೊದಲನೆಯ ಗುಂಪಿಗೆ. ಮೆಟ್ಟಿಲಿನ ಅಳತೆಯೂ ಅಲ್ಲಿಗೇ.

ತಪ್ಪು ಸಿಕ್ಕ ಮೇಲೆ ಚಿತ್ರ ಕೊಟ್ಟವರು ಸಾಮಾನ್ಯವಾಗಿ ಆ ಭಾಗವನ್ನಷ್ಟೇ ಅಳಿಸಿ ಮತ್ತೆ ಬರೆಸುತ್ತಾರೆ. ತಂತ್ರಾಂಶ ರೇಲಿಂಗಿನಲ್ಲಿ ಬಿಡುವು ಕೊಡುತ್ತದೆ, ಐದು ಮೆಟ್ಟಿಲು ಹೆಚ್ಚಿಸಿಯೂ ಕೊಡಬಹುದು. ಅದೇ ಹತ್ತಡಿಯೊಳಗೆ ಹದಿನೆಂಟನ್ನು ತುಂಬಿದರೆ ಟ್ರೆಡ್ ಏಳಿಂಚಿಗೆ ಇಳಿದಿರುತ್ತದೆ, ಅಂಗಾಲೂ ಹಿಡಿಸದಷ್ಟು. ಚಿತ್ರ ತಿದ್ದಿದಾಗ ಎಣಿಕೆ ಮಾತ್ರವಲ್ಲ, ಉದ್ದವನ್ನೂ ಮತ್ತೆ ಅಳೆಯಬೇಕು. ನಕ್ಷೆಯ ಗೆರೆಗಳನ್ನು ಮೊದಲೇ ಕೊಟ್ಟು ಅವುಗಳ ಮೇಲೆ ಚಿತ್ರ ಬರೆಸುವ ವಿಧಾನವೂ ಇದೆ. 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಆ ಬಗೆಯದು. ಅದರಿಂದ ತಪ್ಪು ಕಡಿಮೆಯಾಗುತ್ತದೆ. ಗೆರೆಯಲ್ಲಿ ಇಲ್ಲದ ಭಾಗವನ್ನು, ಅಂದರೆ ಮೆಟ್ಟಿಲಿನ ಅಡಿ, ಬಾಗಿಲಿನ ಆಚೆ, ಕನ್ನಡಿಯ ಒಳಗು ಇವುಗಳನ್ನು, ಅಲ್ಲಿಯೂ ತಂತ್ರಾಂಶ ತಾನೇ ಊಹಿಸಿ ತುಂಬುತ್ತದೆ.

ಕಟ್ಟುವವರ ಕೈಗೆ ಕೊಡಬೇಕಾದ್ದು ಬೇರೆಯದೇ. ಎಲ್ಲ ಬಾಗಿಲುಗಳ ಕಾಲು ವೃತ್ತ ಬರೆದ ನೆಲದ ನಕ್ಷೆ ಒಂದು. ಮೆಟ್ಟಿಲನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ಇನ್ನೊಂದು, ಅದರಲ್ಲಿ ಏರುಗಳ ಸಂಖ್ಯೆ, ಎತ್ತರ, ಅಗಲ, ಲ್ಯಾಂಡಿಂಗಿನ ಮಟ್ಟ, ತಲೆಯ ಮೇಲಿನ ಜಾಗ ಬರೆದಿರಬೇಕು. ಗುತ್ತಿಗೆಯ ಒಪ್ಪಂದಕ್ಕೆ ಲಗತ್ತಿಸಬೇಕಾದ್ದು ಇವೆರಡನ್ನು. ಚಿತ್ರವನ್ನೂ ಲಗತ್ತಿಸುವುದಾದರೆ ಬಣ್ಣ ಮತ್ತು ಸಾಮಗ್ರಿಗೆ ಮಾತ್ರ ಎಂದು ಅದರ ಮೇಲೆ ಬರೆಯಿಸಿ.

ಫ್ಲ್ಯಾಟ್ ಕೊಳ್ಳುವವರಿಗೆ ನಕ್ಷೆ ಬರೆಸುವ ಅವಕಾಶ ಇರುವುದಿಲ್ಲ, ಅವರ ಕೈಯಲ್ಲಿರುವುದು ಬ್ರೋಷರಿನ ಚಿತ್ರ. ರೇರಾದಲ್ಲಿ ನೋಂದಾಯಿಸಿದ ಯೋಜನೆಯಾದರೆ ಮಂಜೂರಾದ ನಕ್ಷೆ ಕರ್ನಾಟಕ ರೇರಾದ ಜಾಲತಾಣದಲ್ಲೇ ನೋಡಲು ಸಿಗುತ್ತದೆ. ಚಿತ್ರದಲ್ಲಿ ಕಂಡ ಬಾಗಿಲು, ಬಾಲ್ಕನಿ, ಕಿಟಕಿಗಳನ್ನು ಅದರ ಮೇಲೆ ಒಂದೊಂದಾಗಿ ಗುರುತಿಸಿ. ಜಾಹೀರಾತು ಅಥವಾ ಮಾಹಿತಿ ಪುಸ್ತಿಕೆಯಲ್ಲಿದ್ದ ಸುಳ್ಳು ವಿವರವನ್ನು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳುವ ಹಕ್ಕನ್ನು 2016ರ ಕಾಯ್ದೆಯ 12ನೇ ಕಲಂ ಕೊಟ್ಟಿದೆ. ಅದಕ್ಕಾಗಿ ಬ್ರೋಷರನ್ನು, ಅದು ಬಂದ ತಾರೀಖಿನ ಸಮೇತ, ಎತ್ತಿಟ್ಟುಕೊಂಡಿರಬೇಕು.